ಅಚ್ಚಾಗದ ಪ್ರಬಂಧದಿಂದ ಮೂರು ಪ್ಯಾರಾ: ಅನುಮತಿ ಪತ್ರ ಬರೆಯುವ ಬಗೆ

ಚಡಚಣ ಸೀಮೆಯ ಜಾನಪದದ ಮೇಲೆ ಪಿಎಚ್.ಡಿ. ಮಾಡಲು ಹೊರಟವರಿಗೆ ಓದಲು ಅಚ್ಚಾದ ಪುಸ್ತಕಗಳ ಕೊರತೆಯಿಲ್ಲ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಮಧುರಚೆನ್ನರು ಬರೆದರು, ಚಡಚಣದವರೇ ಆದ ಸಿಂಪಿ ಲಿಂಗಣ್ಣನವರು ಬಾಳಿನುದ್ದಕ್ಕೂ ಬರೆದರು. ಆದರೆ ಒಂದು ಹಾಡನ್ನು ಯಾವ ಊರಿನ ಯಾರು, ಯಾವ ಹೊತ್ತಿನಲ್ಲಿ, ಯಾರ ಮುಂದೆ ಹಾಡಿದರು ಎಂಬ ವಿವರ ಬೇಕಾದಾಗ ಹುಡುಕಾಟ ಬೇರೆ ಕಡೆಗೆ ಹೊರಳುತ್ತದೆ. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಗಟ್ಟಿ ರಟ್ಟಿನ ಹೊದಿಕೆಯೊಳಗೆ ಟೈಪ್ ಆಗಿ ಕುಳಿತ, ಮುಂದೆ ಪುಸ್ತಕವಾಗದ ಹಳೆಯ ಪ್ರಬಂಧಗಳಲ್ಲಿ ಅಂಥ ವಿವರ ಸಿಗುತ್ತದೆ. ಅಲ್ಲಿಂದ ನಾಲ್ಕು ಸಾಲು ಎತ್ತಿಕೊಳ್ಳಬೇಕೆಂದರೆ ಬರೆದವರನ್ನು ಕೇಳಬೇಕು. ಕೇಳುವುದು ಹೇಗೆ ಎಂಬುದನ್ನು ನಮ್ಮ ವಿಭಾಗಗಳಲ್ಲಿ ಯಾರೂ ಕೂಡಿಸಿಕೊಂಡು ಹೇಳಿಕೊಡುವುದಿಲ್ಲ. ಅದಕ್ಕೇ ಈ ಲೇಖನ.

ಒಬ್ಬ ವಿದ್ಯಾರ್ಥಿನಿಯನ್ನು ಎದುರಿಗಿಟ್ಟುಕೊಂಡು ಮಾತಾಡೋಣ. ಉದಾಹರಣೆಗೆ ಕಲ್ಪಿಸಿಕೊಂಡವಳು, ಹಾಗಾಗಿ ಹೆಸರು ಬೇಡ. ಚಡಚಣದವಳು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ನೋಂದಣಿಯಾಗಿದ್ದಾಳೆ. ವಿಷಯ, ಭೀಮಾತೀರದ ಬೀಸುವ ಪದಗಳು. ಧಾರವಾಡದಲ್ಲಿ ಆಕೆಗೆ 1980ರ ದಶಕದ ಒಂದು ಪ್ರಬಂಧ ಸಿಕ್ಕಿದೆ. ಬರೆದವರು ಈಗ ನಿವೃತ್ತ ಪ್ರಾಧ್ಯಾಪಕರು. ಆ ಪ್ರಬಂಧದ ಮೂರು ಪ್ಯಾರಾಗಳನ್ನು ಇದ್ದಂತೆಯೇ ತನ್ನ ಮೂರನೆಯ ಅಧ್ಯಾಯದಲ್ಲಿ ಕೊಡಬೇಕು ಅನ್ನುವುದು ಆಕೆಯ ಆಸೆ.

ಪೆನ್ನು ಹಿಡಿಯುವ ಮೊದಲು ಆಕೆ ನೋಡಬೇಕಾದದ್ದು, ಅದು ನಿಜವಾಗಿಯೂ ಅಪ್ರಕಟಿತವೇ ಎಂದು. ಪ್ರಬಂಧ ಬೇರೆ ಹೆಸರಿನಲ್ಲಿ ಪುಸ್ತಕವಾಗಿರಬಹುದು, ಒಂದು ಅಧ್ಯಾಯ ಯಾವುದೋ ಅಭಿನಂದನ ಗ್ರಂಥದಲ್ಲಿ ಲೇಖನವಾಗಿ ಸೇರಿರಬಹುದು. ಹಾಗಿದ್ದರೆ ಅಚ್ಚಾದ ರೂಪವನ್ನೇ ಉಲ್ಲೇಖಿಸಬೇಕು, ಯಾಕೆಂದರೆ ಲೇಖಕರು ತಿದ್ದಿ ಒಪ್ಪಿದ ಮಾತು ಅದು. ಇದಾದ ಮೇಲೆ ಶೋಧಗಂಗಾದಲ್ಲಿ, ಅಂದರೆ shodhganga.inflibnet.ac.in ನಲ್ಲಿ, ಲೇಖಕರ ಹೆಸರನ್ನು ಕನ್ನಡದಲ್ಲೂ ರೋಮನ್ ಅಕ್ಷರಗಳಲ್ಲೂ ಹಾಕಿ ಹುಡುಕಬೇಕು. ಪಿಎಚ್.ಡಿ. ಪ್ರಬಂಧದ ಎಲೆಕ್ಟ್ರಾನಿಕ್ ಪ್ರತಿಯನ್ನು ಅಲ್ಲಿಗೆ ಕೊಡಬೇಕೆಂಬ ನಿಯಮವನ್ನು ಯುಜಿಸಿ 2009ರಲ್ಲಿ ತಂದಿತು. ಹಳೆಯವುಗಳಲ್ಲಿ ಕೆಲವನ್ನು ಸ್ಕ್ಯಾನ್ ಮಾಡಿ ಏರಿಸಿದ್ದಾರೆ, ಎಲ್ಲವನ್ನೂ ಅಲ್ಲ. ಅಲ್ಲಿ ಸಿಕ್ಕರೆ ಕೆಲಸ ಹಗುರ. ಶೋಧಗಂಗಾ ತನ್ನಲ್ಲಿರುವ ಪ್ರಬಂಧಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಇಟ್ಟಿದೆ. ಬರೆದವರ ಹೆಸರು ಹೇಳಿ, ವ್ಯಾಪಾರಕ್ಕಲ್ಲದೆ ಬಳಸಬಹುದು. ನಮ್ಮ ವಿದ್ಯಾರ್ಥಿನಿಗೆ ಎರಡೂ ಕಡೆ ಸಿಗಲಿಲ್ಲ ಎಂದಿಟ್ಟುಕೊಳ್ಳಿ.

ಈಗ, ಯಾರನ್ನು ಕೇಳಬೇಕು? ಹೊಸಬರು ಹೆಚ್ಚು ಎಡವುವುದು ಇಲ್ಲೇ. ಗ್ರಂಥಪಾಲಕರು ಪ್ರಬಂಧವನ್ನು ಕೈಗೆ ಕೊಟ್ಟರು, ಜೆರಾಕ್ಸ್ ಮಾಡಿಸಲು ಒಪ್ಪಿದರು ಅಂದರೆ ಅನುಮತಿ ಸಿಕ್ಕಿತು ಎಂದುಕೊಳ್ಳುತ್ತಾರೆ. ಗ್ರಂಥಪಾಲಕರು ಕೊಡುವುದು ಓದುವ ಅವಕಾಶವನ್ನು ಮಾತ್ರ, ಬರಹದ ಹಕ್ಕು ಅವರ ಕೈಯಲ್ಲಿಲ್ಲ. ಇನ್ನು ಕೆಲವರು ಪ್ರಬಂಧದ ಮಾರ್ಗದರ್ಶಕರಿಗೆ ಪತ್ರ ಬರೆಯುತ್ತಾರೆ, ಅವರ ಹೆಸರು ದೊಡ್ಡದು ಎಂಬ ಕಾರಣಕ್ಕೆ. ಮಾರ್ಗದರ್ಶಕರು ದಾರಿ ತೋರಿದವರು, ಬರೆದವರಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಕೃತಿಯ ಮೊದಲ ಒಡೆಯರು ಬರೆದವರೇ. ಯಾವ ಗೈಡ್ ಕೈಕೆಳಗೆ ಬರೆದರೂ, ಯಾವ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರೂ, ಹಕ್ಕನ್ನು ಬರಹದ ಮೂಲಕ ಬೇರೆಯವರಿಗೆ ವಹಿಸಿಕೊಟ್ಟಿರದಿದ್ದರೆ, ಅದು ಬರೆದವರಲ್ಲೇ ಉಳಿಯುತ್ತದೆ. ಬರೆದವರು ತೀರಿಕೊಂಡಿದ್ದರೆ ವಾರಸುದಾರರನ್ನು ಕೇಳಬೇಕು.

ಕಾಯ್ದೆಯ ಮಾತು ಬಂತಲ್ಲ, ವಿದ್ಯಾರ್ಥಿಗಳು ಕೇಳುವ ಒಂದು ಪ್ರಶ್ನೆಯನ್ನು ಇಲ್ಲೇ ತೀರಿಸೋಣ: “ಸರ್, ಹೆಸರು ಹಾಕಿ ಅಡಿಟಿಪ್ಪಣಿ ಕೊಟ್ಟರ ಸಾಲೂದಿಲ್ಲೇನ್ರಿ?” ಅರ್ಧ ಸಾಲುತ್ತದೆ. ಸಂಶೋಧನೆಗೆ, ವಿಮರ್ಶೆಗೆ ನ್ಯಾಯಯುತವಾಗಿ ಬಳಸಿಕೊಂಡರೆ ಅದು ಹಕ್ಕಿನ ಉಲ್ಲಂಘನೆಯಲ್ಲ ಎಂದು 52ನೆಯ ಕಲಮು ಹೇಳುತ್ತದೆ. ಒಂದೆರಡು ವಾಕ್ಯ ಎತ್ತಿ, ಚರ್ಚೆ ಮಾಡಿ, ಮೂಲ ಹೇಳಿದರೆ ಯಾರೂ ತಕರಾರು ಮಾಡುವುದಿಲ್ಲ. ಆದರೆ ಪ್ಯಾರಾಗಟ್ಟಲೆ ಎತ್ತುವಾಗ, ಅದೂ ಅಚ್ಚಾಗದ ಬರಹದಿಂದ ಎತ್ತುವಾಗ, ಲೆಕ್ಕ ಬೇರೆ. ಬರಹವನ್ನು ಮೊದಲು ಜನರ ಮುಂದೆ ತರುವ ಹಕ್ಕು ಬರೆದವರದು. ಗ್ರಂಥಾಲಯದಲ್ಲಿಟ್ಟ ಅಪ್ರಕಟಿತ ಕೃತಿಯನ್ನು ಸಂಶೋಧನೆಗೋ ಪ್ರಕಟಣೆಗೋ ನಕಲು ಮಾಡುವ ಬಗ್ಗೆ ಅದೇ ಕಲಮಿನಲ್ಲಿ ಪ್ರತ್ಯೇಕವಾದ ಉಪಕಲಮು ಇದೆ. ಬರೆದವರು ಯಾರೆಂದು ಗೊತ್ತಿದ್ದರೆ, ಅವರು ತೀರಿಕೊಂಡು 60 ವರ್ಷ ಕಳೆದ ಮೇಲಷ್ಟೇ ಆ ವಿನಾಯಿತಿ ಸಿಗುತ್ತದೆ. ಕಾನೂನು ಅಪ್ರಕಟಿತ ಬರಹವನ್ನು ಇಷ್ಟು ಜೋಪಾನ ಮಾಡುವಾಗ ಒಂದು ಪತ್ರ ಬರೆಯುವುದೇ ಸುರಕ್ಷಿತ ದಾರಿ.

ಇನ್ನೊಂದು ಕಾರಣವೂ ಇದೆ, ನನ್ನ ಮಟ್ಟಿಗೆ ಅದೇ ದೊಡ್ಡದು. ಪ್ರಬಂಧವೆಂದರೆ ಪ್ರಾಧ್ಯಾಪಕರು ಮೂವತ್ತರ ಹರೆಯದಲ್ಲಿ, ಸಲ್ಲಿಕೆಯ ಗಡುವಿನ ಒತ್ತಡದಲ್ಲಿ ಬರೆದದ್ದು. ಆಮೇಲೆ ಅವರು ಮತ್ತಷ್ಟು ಊರು ತಿರುಗಿರುತ್ತಾರೆ, ತಾವು ಅಂದುಕೊಂಡದ್ದು ತಪ್ಪೆಂದು ಕಂಡಿರುತ್ತಾರೆ. ಪುಸ್ತಕವಾಗಿದ್ದರೆ ಎರಡನೆಯ ಮುದ್ರಣದಲ್ಲಿ ತಿದ್ದುತ್ತಿದ್ದರು. ಪ್ರಬಂಧಕ್ಕೆ ಆ ಅವಕಾಶ ಸಿಗಲಿಲ್ಲ. ನೀವು ಕೇಳದೆ ಎತ್ತಿಕೊಂಡರೆ, ಅವರು ಕೈಬಿಟ್ಟ ಮಾತನ್ನು ಅವರ ಹೆಸರಿನಲ್ಲಿ ಮತ್ತೆ ನಿಲ್ಲಿಸಿದಂತಾಗುತ್ತದೆ. ಕೇಳಿದರೆ ತಿದ್ದಿದ ಮಾತು ಸಿಗುತ್ತದೆ, ಎಷ್ಟೋ ಸಲ ಪ್ರಬಂಧದಲ್ಲಿ ಬಿಟ್ಟುಹೋದ ಟಿಪ್ಪಣಿಯೂ ಸಿಗುತ್ತದೆ. ಹಾಗಾಗಿ ಪತ್ರದಲ್ಲಿ “ಅನುಮತಿ ಕೊಡಿ” ಎಂದಷ್ಟೇ ಕೇಳದೆ “ಈ ಮಾತು ಇಂದಿಗೂ ತಮಗೆ ಒಪ್ಪಿಗೆಯೇ” ಎಂದೂ ಕೇಳಬೇಕು.

ಇನ್ನು ಪ್ಯಾರಾಗಳನ್ನು ಆರಿಸುವ ಕೆಲಸ. ನಮ್ಮ ವಿದ್ಯಾರ್ಥಿನಿ ಆರಿಸಿದ ಮೂರನ್ನು ಒಂದೊಂದಾಗಿ ನೋಡೋಣ. ಮೊದಲನೆಯದು, ಬೆಳಗಿನ ಜಾವ ಇಬ್ಬರು ಹೆಣ್ಣುಮಕ್ಕಳು ಎದುರುಬದುರು ಕುಳಿತು ಬೀಸುವಾಗ ಪದವನ್ನು ಹೇಗೆ ಹಂಚಿಕೊಂಡು ಹಾಡುತ್ತಾರೆ ಎಂಬ ಪ್ರಾಧ್ಯಾಪಕರ ಸ್ವಂತ ವಿವರಣೆ. ಇದು ಪೂರ್ತಿ ಅವರದೇ ಮಾತು. ಕೇಳಬೇಕಾದದ್ದು ಇದನ್ನು.

ಎರಡನೆಯದರ ನಡುವೆ ಒಂದು ತ್ರಿಪದಿಯಿದೆ, ಕೆಳಗೆ ಹಾಡಿದವರ ಹೆಸರು, ಊರು ಮತ್ತು ವಯಸ್ಸಿದೆ. ಹಾಡು ಪ್ರಾಧ್ಯಾಪಕರದಲ್ಲ. ಅವರು ಕೇಳಿ ಬರೆದುಕೊಂಡದ್ದು. ಆದ್ದರಿಂದ ಅವರ ಅನುಮತಿ ಆ ಪಾಠಕ್ಕೆ ಮತ್ತು ಅದರ ಮೇಲಿನ ವಿವರಣೆಗೆ ಸಲ್ಲುತ್ತದೆ, ಹಾಡುಗಾರ್ತಿಯ ಪರವಾಗಿ ಅವರು ಮಾತಾಡಲಾರರು. ಹಾಡಿದವರು ತಮ್ಮ ಹೆಸರನ್ನು ಪ್ರಕಟಿಸಲು ಆಗ ಒಪ್ಪಿದ್ದರೇ ಎಂಬುದನ್ನು ಪ್ರಾಧ್ಯಾಪಕರನ್ನೇ ಕೇಳಿ ತಿಳಿಯಬೇಕು. ಒಪ್ಪಿದ್ದರೆ ಹೆಸರನ್ನು ಖಂಡಿತ ಕೊಡಿ. ಹಾಡಿದವಳ ಹೆಸರು ಬಿಟ್ಟು ಸಂಗ್ರಹಿಸಿದವರ ಹೆಸರನ್ನಷ್ಟೇ ಕೊಡುವ ರೂಢಿ ಬಹಳ ಕಾಲ ನಡೆಯಿತು, ಅದನ್ನು ಮುಂದುವರಿಸಬೇಕಾಗಿಲ್ಲ.

ಮೂರನೆಯ ಪ್ಯಾರಾದ ಅರ್ಧಭಾಗ ಸಿಂಪಿ ಲಿಂಗಣ್ಣನವರ ಪುಸ್ತಕವೊಂದರಿಂದ ಪ್ರಾಧ್ಯಾಪಕರೇ ತೆಗೆದುಕೊಂಡ ಮಾತು ಎಂದಿಟ್ಟುಕೊಳ್ಳಿ. ಇಂಥದ್ದನ್ನು ಪ್ರಬಂಧದಿಂದ ಎತ್ತಬಾರದು. ಮೂಲ ಪುಸ್ತಕ ಹುಡುಕಿ ಅಲ್ಲಿಂದ ತೆಗೆಯಬೇಕು, ಯಾಕೆಂದರೆ ಟೈಪ್ ಮಾಡುವಾಗ ಒಂದಕ್ಷರ ಬಿದ್ದುಹೋಗಿದ್ದರೂ ನಿಮ್ಮ ಪ್ರಬಂಧಕ್ಕೂ ಅದೇ ತಪ್ಪು ಬರುತ್ತದೆ. ಇಲ್ಲಿ ಹಕ್ಕಿನ ಲೆಕ್ಕವನ್ನೂ ತಿಳಿದುಕೊಂಡಿರಿ. ಬರೆದವರು ತೀರಿಕೊಂಡ ಮುಂದಿನ ವರ್ಷದ ಜನವರಿಯಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಮಧುರಚೆನ್ನರು 1953ರಲ್ಲಿ ತೀರಿಕೊಂಡರು, ಹಾಗಾಗಿ ಅವರು ಬದುಕಿದ್ದಾಗ ಅಚ್ಚಾದ ಅವರ ಸ್ವಂತ ಕೃತಿಗಳು 2013ರ ಕೊನೆಗೆ ಎಲ್ಲರ ಸ್ವತ್ತಾದವು. ಲಿಂಗಣ್ಣನವರು 1993ರಲ್ಲಿ ತೀರಿಕೊಂಡರು, ಅವರ ಕೃತಿಗಳ ಹಕ್ಕು 2053ರ ಕೊನೆಯವರೆಗೂ ಇರುತ್ತದೆ. ಅವರಿಂದ ನಾಲ್ಕು ಸಾಲು ಎತ್ತಿ ಚರ್ಚಿಸಬಹುದು, ಪುಟಗಟ್ಟಲೆ ಎತ್ತುವುದಾದರೆ ಹಕ್ಕುದಾರರನ್ನು ಕೇಳಬೇಕು.

ಹೀಗೆ ಜರಡಿ ಹಿಡಿದಾಗ ಮೂರು ಪ್ಯಾರಾ ಎರಡೂವರೆಯಾಯಿತು. ಉಳಿದ ಆ ಅರ್ಧವನ್ನು ಆಕೆ ತನ್ನ ಮಾತಿನಲ್ಲೇ ಹೇಳಿದರೆ ಕೇಳಬೇಕಾದದ್ದು ಎರಡು. ಈಗ ಪತ್ರ. ವಿದ್ಯಾರ್ಥಿಗಳು ಸಾಮಾನ್ಯವಾಗಿ ಬರೆಯುವುದು ಹೀಗೆ: “ತಾವು ಜಾನಪದ ಲೋಕದ ಮೇರು ಪರ್ವತ. ತಮ್ಮ ಪ್ರಬಂಧ ನನಗೆ ದಾರಿದೀಪ. ಅದರ ಕೆಲವು ಭಾಗಗಳನ್ನು ಬಳಸಿಕೊಳ್ಳಲು ದಯಮಾಡಿ ಅನುಮತಿಸಬೇಕು.” ಓದಿದ ಪ್ರಾಧ್ಯಾಪಕರಿಗೆ ಯಾವ ಭಾಗ, ಎಷ್ಟು, ಎಲ್ಲಿ ಬಳಸುತ್ತಾರೆ ಎಂಬುದು ಒಂದೂ ತಿಳಿಯುವುದಿಲ್ಲ. ಒಪ್ಪಿದರೆ ಇಡೀ ಅಧ್ಯಾಯವೇ ಹೋದೀತೆಂಬ ಅಳುಕು. ಇಲ್ಲವೆನ್ನಲೂ ಮನಸ್ಸಾಗದು. ಪತ್ರ ಮೇಜಿನ ಮೇಲೆಯೇ ಉಳಿಯುತ್ತದೆ. ಉತ್ತರ ಬರಲಿಲ್ಲವೆಂದು ನಾವು ದೂರುವ ಎಷ್ಟೋ ಪತ್ರಗಳು ಉತ್ತರ ಕೊಡಲು ಬಾರದಂಥವು.

ಬೇಕಾದದ್ದು ಇಂಥ ಪತ್ರ:

ಇವರಿಂದ: (ಹೆಸರು), ಸಂಶೋಧನಾ ವಿದ್ಯಾರ್ಥಿನಿ, ಕನ್ನಡ ಅಧ್ಯಯನ ವಿಭಾಗ, ಕರ್ನಾಟಕ ರಾಜ್ಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ವಿಜಯಪುರ. ಮನೆಯ ವಿಳಾಸ: ಚಡಚಣ. (ಫೋನ್, ಇ-ಮೇಲ್, ದಿನಾಂಕ)

ಇವರಿಗೆ: ಡಾ. (ಹೆಸರು), ನಿವೃತ್ತ ಪ್ರಾಧ್ಯಾಪಕರು, ಧಾರವಾಡ

ವಿಷಯ: ತಮ್ಮ ಅಪ್ರಕಟಿತ ಪಿಎಚ್.ಡಿ. ಪ್ರಬಂಧದ ಪುಟ 112 ಮತ್ತು 118ರ ಪ್ಯಾರಾಗಳನ್ನು ಉಲ್ಲೇಖಿಸಲು ಅನುಮತಿ ಕೋರಿ

ಪೂಜ್ಯ ಗುರುಗಳಿಗೆ ಶರಣು ಶರಣಾರ್ಥಿಗಳು.

ನಾನು ಭೀಮಾತೀರದ ಬೀಸುವ ಪದಗಳ ಮೇಲೆ (ಮಾರ್ಗದರ್ಶಕರ ಹೆಸರು) ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ತಮ್ಮ ಪ್ರಬಂಧವನ್ನು ಧಾರವಾಡದ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಓದಿದೆ. ಅದು ಪುಸ್ತಕವಾಗಿರುವುದಾಗಲಿ ಶೋಧಗಂಗಾದಲ್ಲಿರುವುದಾಗಲಿ ನನಗೆ ಕಂಡುಬರಲಿಲ್ಲ. ಪ್ರಕಟವಾಗಿದ್ದರೆ ತಿಳಿಸಬೇಕು, ಆ ರೂಪವನ್ನೇ ಬಳಸುತ್ತೇನೆ.

ಪ್ರಬಂಧದ ಎರಡು ಭಾಗಗಳನ್ನು ನನ್ನ ಮೂರನೆಯ ಅಧ್ಯಾಯದಲ್ಲಿ ಇದ್ದಂತೆಯೇ ಕೊಡಬೇಕೆಂದಿದ್ದೇನೆ. ಪುಟ 112ರ ಎರಡನೆಯ ಪ್ಯಾರಾ, ಇಬ್ಬರು ಕೂಡಿ ಹಾಡುವ ಕ್ರಮದ ಬಗ್ಗೆ. ಪುಟ 118ರ ಮೊದಲ ಪ್ಯಾರಾ, ಅಲ್ಲಿರುವ ತ್ರಿಪದಿಯೊಂದಿಗೆ. ಎರಡನ್ನೂ ಟೈಪ್ ಮಾಡಿ, ಅವುಗಳ ಹಿಂದೆಮುಂದೆ ನಾನು ಬರೆದ ಒಂದು ಪುಟವನ್ನೂ ಸೇರಿಸಿ ಲಗತ್ತಿಸಿದ್ದೇನೆ. ಒಂದು ಕಡೆ ನಾನು ತಮ್ಮ ಅಭಿಪ್ರಾಯಕ್ಕಿಂತ ಬೇರೆಯಾಗಿ ಹೇಳಿದ್ದೇನೆ. ಅದನ್ನೂ ತಾವು ನೋಡಬೇಕೆಂದು ಕೋರುತ್ತೇನೆ.

ಈ ಮಾತುಗಳು ಇಂದಿಗೂ ತಮಗೆ ಒಪ್ಪಿಗೆಯೇ, ತಿದ್ದುವುದಿದೆಯೇ ಎಂದು ತಿಳಿಸಿದರೆ ಉಪಕಾರ. ಪುಟ 118ರಲ್ಲಿ ಹಾಡಿದವರ ಹೆಸರನ್ನು ಪ್ರಕಟಿಸಬಹುದೇ ಎಂಬುದನ್ನೂ ತಿಳಿಸಬೇಕು.

ನನ್ನ ಪ್ರಬಂಧ ನಿಯಮದಂತೆ ಶೋಧಗಂಗಾದಲ್ಲಿ ಎಲ್ಲರಿಗೂ ಓದಲು ಸಿಗುತ್ತದೆ. ಮುಂದೆ ಪುಸ್ತಕವಾಗಲೂಬಹುದು. ಈ ಮೂರಕ್ಕೂ, ಅಂದರೆ ಪ್ರಬಂಧ, ಶೋಧಗಂಗಾ ಮತ್ತು ಪುಸ್ತಕಕ್ಕೆ, ಅನುಮತಿ ಕೋರುತ್ತಿದ್ದೇನೆ. ಪುಸ್ತಕಕ್ಕೆ ಬೇಡವೆಂದರೆ ಅಷ್ಟನ್ನು ಹೊಡೆದುಹಾಕಿ ಉಳಿದದ್ದಕ್ಕೆ ಒಪ್ಪಿಗೆ ಕೊಡಬಹುದು. ಎಲ್ಲ ಕಡೆಯೂ ತಮ್ಮ ಹೆಸರು, ಪ್ರಬಂಧದ ಶೀರ್ಷಿಕೆ, ವರ್ಷ ಮತ್ತು ಪುಟವನ್ನು ನಮೂದಿಸುತ್ತೇನೆ.

ಸಹಿ ಹಾಕಿ ಮರಳಿಸಲು ಒಪ್ಪಿಗೆಯ ಹಾಳೆಯನ್ನೂ ಸ್ಟಾಂಪ್ ಹಚ್ಚಿದ ಲಕೋಟೆಯನ್ನೂ ಇಟ್ಟಿದ್ದೇನೆ. ಇ-ಮೇಲ್‌ನಲ್ಲಿ ಎರಡು ಸಾಲು ಬರೆದರೂ ಸಾಕು.

ತಮ್ಮ ವಿಶ್ವಾಸಿ,
(ಸಹಿ)

ಪತ್ರ ಇಷ್ಟೇ. ಇದರಲ್ಲಿ ಹೊಗಳಿಕೆಯ ಸಾಲಿಲ್ಲ ಎಂಬುದನ್ನು ಗಮನಿಸಿ. ಪುಟಸಂಖ್ಯೆ ಹಿಡಿದು ಓದಿದ್ದೇ ಗೌರವ, ಹಿರಿಯರಿಗೆ ಅದು ತಿಳಿಯುತ್ತದೆ. ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ತೋರಿಸಿದ್ದೂ ಬೇಕೆಂದೇ. ಬರಹವನ್ನು ತನ್ನ ಗೌರವಕ್ಕೆ ಕುಂದು ಬರುವಂತೆ ತಿರುಚಿದರೆ ಆಕ್ಷೇಪಿಸುವ ಹಕ್ಕನ್ನು ಕಾಯ್ದೆಯ 57ನೆಯ ಕಲಮು ಲೇಖಕರಿಗೆ ಕೊಟ್ಟಿದೆ. ಟೀಕೆ ತಿರುಚುವಿಕೆಯಲ್ಲ, ಆದರೆ ಅರ್ಧ ವಾಕ್ಯ ಕತ್ತರಿಸಿ ಟೀಕೆ ಮಾಡಿದರೆ ತಿರುಚಿದಂತೆಯೇ. ಹಿಂದಿನ ಮುಂದಿನ ಪುಟವನ್ನು ಲಗತ್ತಿಸಿದರೆ ಆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಮೊದಲು ಫೋನ್ ಮಾಡಿ ಮಾತಾಡುವುದು ನಮ್ಮ ಕಡೆಯ ರೀತಿ, ಅದು ಒಳ್ಳೆಯದೇ. ಸಂಗಮೇಶ್ವರ ಜಾತ್ರೆಯಲ್ಲೋ ಯಾರದೋ ಮದುವೆಯಲ್ಲೋ ಭೇಟಿಯಾಗಿ, “ತಗೋಳವ್ವಾ, ಅದಕ್ಕೇನ್ ಕೇಳತಿ” ಎಂದು ಗುರುಗಳು ಹೇಳಿಯೂ ಬಿಡಬಹುದು. ಆ ಮಾತು ದೊಡ್ಡದು, ಆದರೆ ಬರಹದಲ್ಲಿಲ್ಲ. ಕೃತಿಯ ಬಳಕೆಗೆ ಕೊಡುವ ಪರವಾನಗಿ ಬರಹದಲ್ಲಿರಬೇಕೆಂದು 30ನೆಯ ಕಲಮು ಕೇಳುತ್ತದೆ. ಮನೆಗೆ ಬಂದ ಸಂಜೆಯೇ “ಇವತ್ತು ತಾವು ಹೇಳಿದಂತೆ ಪುಟ 112 ಮತ್ತು 118ರ ಪ್ಯಾರಾಗಳನ್ನು ಬಳಸುತ್ತಿದ್ದೇನೆ, ದಯವಿಟ್ಟು ಖಚಿತಪಡಿಸಿ” ಎಂದು ಇ-ಮೇಲ್ ಕಳಿಸಿ. ವಾಟ್ಸ್ಆ್ಯಪ್‌ನಲ್ಲಿ ಉತ್ತರ ಬಂದರೆ ಅದನ್ನು ಮುದ್ರಿಸಿ ಫೈಲಿಗೆ ಸೇರಿಸಿ. ಫೋನ್ ಬದಲಾದರೆ ಉತ್ತರವೂ ಹೋಗುತ್ತದೆ.

ಉತ್ತರ ಬಂದಾಗ ಅದನ್ನು ನಿಧಾನವಾಗಿ ಓದಬೇಕು. “ಪ್ರಬಂಧದಲ್ಲಿ ಬಳಸಿಕೊಳ್ಳಿ” ಎಂದು ಬರೆದಿದ್ದರೆ ಪುಸ್ತಕಕ್ಕೆ ಒಪ್ಪಿಗೆ ಕೊಟ್ಟಂತಲ್ಲ. ತಿದ್ದುಪಡಿ ಕಳಿಸಿದ್ದರೆ ಮೂಲವನ್ನು ಸುಮ್ಮನೆ ಬದಲಿಸಬಾರದು. ಪ್ರಬಂಧದಲ್ಲಿದ್ದ ಮಾತನ್ನು ಹಾಗೆಯೇ ಕೊಟ್ಟು, ಅಡಿಟಿಪ್ಪಣಿಯಲ್ಲಿ “ಲೇಖಕರು ಇಂಥ ದಿನಾಂಕದ ಪತ್ರದಲ್ಲಿ ಈ ಮಾತನ್ನು ಹೀಗೆ ತಿದ್ದಿದ್ದಾರೆ” ಎಂದು ಬರೆಯಬೇಕು. ಆಗ ಹಳೆಯ ಪ್ರಬಂಧವನ್ನು ತೆರೆದು ನೋಡಿದವರಿಗೂ ಗೊಂದಲವಾಗುವುದಿಲ್ಲ. ಪತ್ರದ ಮಾತನ್ನು ಹೀಗೆ ಬಳಸಲೂ ಅವರ ಒಪ್ಪಿಗೆ ಪಡೆಯಿರಿ.

ಉತ್ತರ ಬರದಿದ್ದರೆ? ಮೂರು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಮೌನವನ್ನು ಒಪ್ಪಿಗೆ ಎಂದು ಎಣಿಸಬೇಡಿ. ಆದರೆ ದಾರಿ ಮುಚ್ಚಿಲ್ಲ. ಕೃತಿಸ್ವಾಮ್ಯ ಇರುವುದು ಮಾತಿನ ರೂಪಕ್ಕೆ, ವಿಚಾರಕ್ಕಲ್ಲ. ಪ್ರಾಧ್ಯಾಪಕರು ಕಂಡುಕೊಂಡದ್ದನ್ನು ನಿಮ್ಮ ಮಾತಿನಲ್ಲಿ ಸಂಗ್ರಹಿಸಿ, ಅವರ ಹೆಸರು ಮತ್ತು ಪುಟ ಹೇಳಿ ಬರೆಯಬಹುದು. ತೀರಾ ಅಗತ್ಯವಾದ ಒಂದೆರಡು ವಾಕ್ಯಗಳನ್ನಷ್ಟೇ ಉದ್ಧರಣ ಚಿಹ್ನೆಯೊಳಗೆ ಇಡಬಹುದು. ಅವರು ಬೇಡವೆಂದು ಸ್ಪಷ್ಟವಾಗಿ ಬರೆದರೂ ಈ ದಾರಿ ಉಳಿದೇ ಇರುತ್ತದೆ, ಆದರೆ ಮಾರ್ಗದರ್ಶಕರಿಗೆ ಆ ಪತ್ರ ತೋರಿಸಿ ಮುಂದುವರಿಯಿರಿ.

ಒಪ್ಪಿಗೆಯ ಹಾಳೆ ಸಲ್ಲಿಕೆಯ ಹೊತ್ತಿಗೂ ಕೆಲಸಕ್ಕೆ ಬರುತ್ತದೆ. ಯುಜಿಸಿಯ 2018ರ ಕೃತಿಚೌರ್ಯ ನಿಯಮಗಳ ಪ್ರಕಾರ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡವಿಲ್ಲ. ಅದನ್ನು ದಾಟಿ ಶೇ. 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು, ಅದಕ್ಕೆ ಕೊಡುವ ಕಾಲ ಹೆಚ್ಚೆಂದರೆ ಆರು ತಿಂಗಳು. ಅನುಮತಿ ಪಡೆದು ಅಥವಾ ಮೂಲವನ್ನು ಹೇಳಿ ಉದ್ಧರಿಸಿದ ಭಾಗವನ್ನು ಈ ಲೆಕ್ಕದಿಂದ ಹೊರಗಿಡಬೇಕೆಂದು ಅದೇ ನಿಯಮ ಹೇಳುತ್ತದೆ. ತಂತ್ರಾಂಶ ಕೆಂಪು ಗುರುತು ಹಾಕಿದಾಗ, “ಇದು ಉದ್ಧರಣೆ, ಇಗೋ ಮೂಲ, ಇಗೋ ಒಪ್ಪಿಗೆ” ಎಂದು ಮಾರ್ಗದರ್ಶಕರ ಮುಂದೆ ಇಡಲು ಆ ಹಾಳೆ ಬೇಕು. ಉದ್ಧರಣ ಚಿಹ್ನೆ ಹಾಕದೆ, ಅಂಚು ಬಿಟ್ಟು ಬೇರ್ಪಡಿಸದೆ ಪ್ಯಾರಾವನ್ನು ನಿಮ್ಮ ಬರಹದೊಳಗೆ ಬೆರೆಸಿದ್ದರೆ ಮಾತ್ರ ಯಾವ ಅನುಮತಿ ಪತ್ರವೂ ಕಾಪಾಡದು. ಅನುಮತಿ ಸಿಕ್ಕಿದ್ದು ಉಲ್ಲೇಖಿಸಲು, ನಿಮ್ಮದೆಂದು ತೋರಿಸಲು ಅಲ್ಲ.

ಅಡಿಟಿಪ್ಪಣಿಯಲ್ಲಿ ಲೇಖಕರ ಹೆಸರು, ಶೀರ್ಷಿಕೆ, “ಅಪ್ರಕಟಿತ ಪಿಎಚ್.ಡಿ. ಮಹಾಪ್ರಬಂಧ” ಎಂಬ ಮಾತು, ವಿಶ್ವವಿದ್ಯಾಲಯ, ವರ್ಷ, ಪುಟ, ಕೊನೆಗೆ “ಲೇಖಕರ ಅನುಮತಿಯಿಂದ” ಎಂದಿರಲಿ. ಒಪ್ಪಿಗೆಯ ಒಂದು ಪ್ರತಿ ನಿಮ್ಮ ಫೈಲಿನಲ್ಲಿ, ಇನ್ನೊಂದು ಮಾರ್ಗದರ್ಶಕರ ಬಳಿ ಇರಲಿ.

ಒಂದು ಮಾತು ಉಳಿಯಿತು. ಈ ಪತ್ರವನ್ನು ಸಲ್ಲಿಕೆಯ ಹಿಂದಿನ ವಾರ ಬರೆಯಬೇಡಿ. ನಿವೃತ್ತರು ಮಕ್ಕಳ ಮನೆಗೆ ಬೆಂಗಳೂರಿಗೋ ಪುಣೆಗೋ ಹೋಗಿರುತ್ತಾರೆ, ವಿಳಾಸ ಹಿಡಿಯಲೇ ತಿಂಗಳು ಬೇಕಾಗುತ್ತದೆ, ಹಳೆಯ ಟಿಪ್ಪಣಿ ಹುಡುಕಲು ಅವರಿಗೂ ಬಿಡುವು ಬೇಕು. ಪ್ರಬಂಧ ಓದಿ ಪ್ಯಾರಾ ಆರಿಸಿದ ತಿಂಗಳಲ್ಲೇ ಪತ್ರವನ್ನು ಅಂಚೆಗೆ ಹಾಕಿ.